ಪೀಣ್ಯದ ವರ್ಕ್‌ಶಾಪ್‌ಗೊಂದು ಲಿಂಕ್ಡ್‌ಇನ್ ಪುಟ

ಪೀಣ್ಯದಲ್ಲಿ ನಮ್ಮದು ಚಿಕ್ಕ ಸಿಎನ್‌ಸಿ ವರ್ಕ್‌ಶಾಪ್. ಕೆಲಸ ಬರುವುದು ಕಂಪನಿಗಳ ಪರ್ಚೇಸ್ ಮತ್ತು ವೆಂಡರ್ ಡೆವಲಪ್‌ಮೆಂಟ್‌ನವರಿಂದ. ಕೊಟೇಶನ್ ಕೇಳುವ ಮೊದಲು ಅವರು ನಮ್ಮ ಹೆಸರು ಹುಡುಕಿ ನೋಡುತ್ತಾರೆ. ಅವರಿಗಾಗಿಯೇ ಪುಟ ಮಾಡಿದೆ.

ಅದಕ್ಕೆ ಮೊದಲು ಸ್ವಂತ ಪ್ರೊಫೈಲ್ ಇರಬೇಕು. For Business ಮೆನುವಿನಲ್ಲಿ Create a Company Page ಸಿಗುತ್ತದೆ. ಹೆಸರು, ಲೋಗೋ ತುಂಬುವುದು ಸುಲಭ. ತಲೆ ಕೆಡಿಸಿಕೊಳ್ಳಬೇಕಾದದ್ದು ಟ್ಯಾಗ್‌ಲೈನ್‌ಗೆ, ಇರುವುದೇ 120 ಅಕ್ಷರ. 'ಗುಣಮಟ್ಟವೇ ನಮ್ಮ ಗುರಿ' ಅಂತ ಎಲ್ಲರೂ ಬರೆಯುತ್ತಾರೆ, ಅಲ್ವಾ? ನಾನು ಯಾವ ಲೋಹ, ಎಷ್ಟು ವ್ಯಾಸದವರೆಗೆ ಟರ್ನಿಂಗ್, ಎಷ್ಟು ಚಿಕ್ಕ ಬ್ಯಾಚ್ ಅನ್ನುವುದನ್ನಷ್ಟೇ ಹಾಕಿದೆ.

About ಭಾಗಕ್ಕೆ ಹಳೆಯದೊಂದು ವೆಂಡರ್ ರಿಜಿಸ್ಟ್ರೇಶನ್ ಫಾರ್ಮ್ ಎದುರಿಗಿಟ್ಟುಕೊಂಡು ಕೂತೆ. ಅದರಲ್ಲಿ ಕೇಳುವುದನ್ನೇ ಬರೆದೆ: ಮೆಷಿನ್‌ಗಳು, ಅಳತೆಯ ಉಪಕರಣಗಳು, ಐಎಸ್‌ಒ ಸರ್ಟಿಫಿಕೇಟ್. ಆನೊಡೈಸಿಂಗ್ ಹೊರಗೆ ಮಾಡಿಸುತ್ತೇವೆ ಅಂತಲೂ ಬರೆದೆ. ಹೇಗೂ ಆಡಿಟ್‌ಗೆ ಬಂದಾಗ ಗೊತ್ತಾಗುತ್ತದೆ.

ಪೋಸ್ಟ್‌ಗಳ ವಿಷಯ ಬೇರೆ. ಹಬ್ಬದ ಶುಭಾಶಯಕ್ಕೆ ಲೈಕ್ ಕೊಡುವವರು ನೆಂಟರು, ಹಳೇ ಕ್ಲಾಸ್‌ಮೇಟ್‌ಗಳು. ಎಂಜಿನಿಯರ್‌ಗಳು ನಿಂತು ಓದಿದ್ದು ತೆಳು ಗೋಡೆಯ ಅಲ್ಯೂಮಿನಿಯಂ ರಿಂಗ್ ಬಗ್ಗೆ ಬರೆದದ್ದನ್ನು. ಒಳಗಿನ ಬೋರ್ 60 ಎಚ್7, ಅಂದರೆ 60 ಮಿ.ಮೀ.ಗಿಂತ ಜಾಸ್ತಿ ಆಗಬಹುದಾದದ್ದು 30 ಮೈಕ್ರಾನ್ ಮಾತ್ರ. ಮೂರು ಜಾ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಬಿಚ್ಚಿದ ಮೇಲೆ ರಿಂಗ್ ಹಿಗ್ಗಿ ಬೋರ್ ಮೂರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ತಮಾಷೆ ಏನೆಂದರೆ, ಎರಡು ಬಿಂದುವಿನ ಬೋರ್ ಗೇಜ್ ಯಾವ ಕಡೆ ಹಾಕಿದರೂ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸಬಹುದು. ಸಿಎಂಎಂ ಅಳತೆ ಯಂತ್ರದಲ್ಲಿ ಸುತ್ತಲೂ ಸಾಕಷ್ಟು ಬಿಂದು ತೆಗೆದರೆ ದೋಷ ಕಾಣುತ್ತದೆ. ಹೊರವ್ಯಾಸವನ್ನು ಸುತ್ತ ಅಪ್ಪಿ ಹಿಡಿಯುವಂತೆ ಸಾಫ್ಟ್ ಜಾ ಬೋರ್ ಮಾಡಿಕೊಂಡು, ಫಿನಿಶ್ ಕಟ್‌ಗೆ ಮೊದಲು ಚಕ್ ಒತ್ತಡ ಇಳಿಸಿದೆವು.

ಇದನ್ನು ನಾಲ್ಕು ಪುಟದ ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಪೋಸ್ಟ್ ಆಗಿ ಹಾಕಿದೆ. ಓದುವವರು ಒಂದೊಂದೇ ಪುಟ ಸರಿಸಿ ನೋಡಬಹುದು. ಪಠ್ಯದಲ್ಲಿ ಮೊದಲ ಎರಡು ಮೂರು ಸಾಲಷ್ಟೇ ಕಾಣುವುದರಿಂದ 'ಗೇಜ್ ಓಕೆ ಅನ್ನುತ್ತದೆ, ಶಾಫ್ಟ್ ಕೂರುವುದಿಲ್ಲ' ಅಂತ ಶುರು ಮಾಡಿದೆ. ಫೋಟೋದಲ್ಲಿದ್ದದ್ದು ಗ್ರಾಹಕರ ಪಾರ್ಟ್ ಅಲ್ಲ, ತುಂಡು ಬಾರ್‌ನಿಂದ ನಾವೇ ಮಾಡಿದ ರಿಂಗ್. ಡ್ರಾಯಿಂಗ್ ಅವರ ಸ್ವತ್ತು. ಹೆಸರು ಮರೆಮಾಚಿದರೂ ಆಕಾರ ನೋಡಿ ಗುರುತು ಹಿಡಿಯುವವರು ಇದ್ದಾರೆ.

ಪುಟದಿಂದ ಯಾರಿಗೂ ಕನೆಕ್ಷನ್ ರಿಕ್ವೆಸ್ಟ್ ಕಳಿಸಲಾಗದು. ಅದಕ್ಕೇ ಪುಟದಲ್ಲಿ ಹಾಕಿದ್ದನ್ನು ನನ್ನ ಪ್ರೊಫೈಲ್‌ನಿಂದಲೂ ಎರಡು ಸಾಲು ಬರೆದು ಹಂಚುತ್ತೇನೆ. 'ಸರ್, ಎಷ್ಟಕ್ಕೆ ಮಾಡಿಕೊಡ್ತೀರಿ?' ಅಂತ ಕಮೆಂಟ್‌ನಲ್ಲಿ ಕೇಳುವವರಿಗೆ ಅಲ್ಲಿ ದರ ಹೇಳುವುದಿಲ್ಲ. ಡ್ರಾಯಿಂಗ್, ಮೆಟೀರಿಯಲ್ ಗ್ರೇಡ್, ವರ್ಷಕ್ಕೆ ಬೇಕಾದ ಸಂಖ್ಯೆ ಇವಿಷ್ಟನ್ನು ಕಂಪನಿಯ ಇಮೇಲ್‌ನಿಂದ ಕಳಿಸಿ ಅನ್ನುತ್ತೇನೆ. ಸುಮ್ನೆ ದರ ತಿಳಿಯಲು ಬಂದವರು ಅಲ್ಲಿಗೇ ನಿಲ್ಲುತ್ತಾರೆ.