ಬೇರಿಂಗ್ ಬದಲಿಸುವುದಷ್ಟೇ ರಿಪೇರಿ ಅಲ್ಲ: ಮೇಂಟೆನೆನ್ಸ್ ಕಲಿತ ನನ್ನ ಅನುಭವ

2019ರಲ್ಲಿ ವಾಹನಗಳ ಮಾರಾಟ ಕುಸಿದಾಗ, ಪೀಣ್ಯದಲ್ಲಿ ಗೇರ್ ಭಾಗಗಳನ್ನು ತಯಾರಿಸುತ್ತಿದ್ದ ನಮ್ಮ ಕಾರ್ಖಾನೆ ಮೊದಲು ರಾತ್ರಿ ಪಾಳಿಯನ್ನೂ ನಂತರ ಎರಡನೆಯ ಪಾಳಿಯನ್ನೂ ನಿಲ್ಲಿಸಿತು. ಎರಡನೆಯ ಪಾಳಿಯ ಸೂಪರ್‌ವೈಸರ್ ಆಗಿದ್ದ ನಾನು 17 ವರ್ಷಗಳ ಕೆಲಸವನ್ನು ಕಳೆದುಕೊಂಡೆ. ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವನು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ‘ಕಾರ್ಮಿಕ’ನಲ್ಲ ಎಂಬುದು ನನಗೆ ತಿಳಿದದ್ದೇ ಆ ವಾರದಲ್ಲಿ. ನನ್ನ ಕೈಕೆಳಗಿನ ಹುಡುಗರಿಗೆ ಸಿಕ್ಕ ಪರಿಹಾರ ನನಗೆ ಸಿಗಲಿಲ್ಲ. ಗ್ರಾಚ್ಯುಟಿ ಮಾತ್ರ ಬಂತು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800 ರೂಪಾಯಿ, ಅದನ್ನು 26ರಿಂದ ಭಾಗಿಸಿ, 15 ದಿನಗಳಿಂದಲೂ 17 ವರ್ಷಗಳಿಂದಲೂ ಗುಣಿಸಿದರೆ 2,04,000 ರೂಪಾಯಿ. ಮುಂದಿನ ದಾರಿ ಕಾಣುವವರೆಗೆ ಮನೆ ನಡೆಯಬೇಕಾದದ್ದು ಆ ಹಣದಲ್ಲಿ.

ಬೇರೆ ಕಾರ್ಖಾನೆಗಳಲ್ಲಿ ಕೆಲಸ ಕೇಳಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಮೆಷಿನ್ ನಿಂತರೆ ನೀವೇ ಕೈಹಾಕಿ ಸರಿ ಮಾಡ್ತೀರಾ?” ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ವರ್ಷಗಳಲ್ಲಿ ನೂರಾರು ಬ್ರೇಕ್‌ಡೌನ್ ಸ್ಲಿಪ್‌ಗಳ ಮೇಲೆ ‘ಬೇರಿಂಗ್ ಹೋಗಿದೆ, ಬದಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ್ದೆನೇ ಹೊರತು, ಅದು ಏಕೆ ಹೋಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಹಾಗಾಗಿ 44ನೆಯ ವಯಸ್ಸಿನಲ್ಲಿ, ನನ್ನನ್ನು ‘ಅಂಕಲ್’ ಎಂದು ಕರೆಯುವ ಐಟಿಐ ಹುಡುಗರ ಜೊತೆ ಮೆಷಿನ್ ಮೇಂಟೆನೆನ್ಸ್ ತರಬೇತಿಗೆ ಸೇರಿದೆ.

ಎರಡನೆಯ ವಾರ ನಮ್ಮ ಮೇಷ್ಟ್ರು ಹಾಳಾದ ಬೇರಿಂಗ್‌ಗಳ ಒಂದು ಡಬ್ಬವನ್ನು ತಂದು ಬೆಂಚಿನ ಮೇಲೆ ಸುರಿದರು. “ಇವನ್ನು ಗುಜರಿಗೆ ಹಾಕೋ ಮೊದಲು ಹೊರರಿಂಗನ್ನು ಕತ್ತರಿಸಿ ನೋಡಿ, ಗುಂಡುಗಳು ಓಡಿದ ದಾರಿ ಎಲ್ಲಾ ಹೇಳುತ್ತೆ” ಎಂದರು. ಸರಿಯಾಗಿ ಕೂತು ಓಡಿದ ಬೇರಿಂಗ್‌ನ ಹೊರರಿಂಗಿನಲ್ಲಿ, ಭಾರ ಬೀಳುವ ಬದಿಯಲ್ಲಿ, ಅಂಚಿಗೆ ಸಮಾನಾಂತರವಾಗಿ ಒಂದು ಮಂಕಾದ ಪಟ್ಟಿ ಕಾಣುತ್ತದೆ. ಶಾಫ್ಟ್ ಓರೆಯಾಗಿದ್ದರೆ ಆ ಪಟ್ಟಿ ಒಂದು ಅಂಚಿನಿಂದ ಇನ್ನೊಂದು ಅಂಚಿನ ಕಡೆಗೆ ವಾಲಿಕೊಂಡು ಸಾಗುತ್ತದೆ. ಹೌಸಿಂಗ್ ಸೊಟ್ಟಗಾಗಿ ರಿಂಗನ್ನು ಹಿಂಡುತ್ತಿದ್ದರೆ ಎದುರುಬದುರಾಗಿ ಎರಡು ಕಡೆ ಪಟ್ಟಿಗಳಿರುತ್ತವೆ. ನಾನು ಸಹಿ ಹಾಕಿದ ಸ್ಲಿಪ್‌ಗಳೆಲ್ಲ ಆ ದಿನ ಕಣ್ಣ ಮುಂದೆ ಬಂದವು.

ತರಬೇತಿ ಮುಗಿದ ಮೇಲೆ ನನ್ನ ಪಾಲಿಗೆ ಬಂದ ಮೊದಲ ಸ್ವಂತ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಸಣ್ಣ ಕಾರ್ಖಾನೆಯ ಕೂಲಂಟ್ ಪಂಪಿಗೆ 15 ಎಚ್‌ಪಿ, 1440 ಆರ್‌ಪಿಎಂ ಮೋಟರನ್ನು ಪಿನ್-ಬುಷ್ ಕಪ್ಲಿಂಗ್ ಮೂಲಕ ಜೋಡಿಸಿದ್ದರು. ಮೋಟರಿನ ಮುಂಭಾಗದ 6309 ಬೇರಿಂಗ್ ಒಂದೇ ವರ್ಷದಲ್ಲಿ ಮೂರು ಬಾರಿ ಹೋಗಿತ್ತು. ಮಾಲೀಕರು ನಕಲಿ ಬೇರಿಂಗ್ ಇರಬಹುದೆಂದು ಅಂಗಡಿಯನ್ನೇ ಬದಲಿಸಿದ್ದರು. ನಾನು ಫ್ಯೂಸ್ ತೆಗೆದು, ಸ್ವಿಚ್‌ಗೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಕಪ್ಲಿಂಗ್‌ನ ಗಾರ್ಡ್ ಬಿಚ್ಚಿದೆ. ಕೆಳಗೆ ಕಾಡಿಗೆಯಂಥ ಕಪ್ಪು ರಬ್ಬರ್ ಪುಡಿ ಬಿದ್ದಿತ್ತು. ಬುಷ್‌ಗಳು ಒಂದೇ ಬದಿಗೆ ಸವೆದಿದ್ದವು. ಅವರು ಎತ್ತಿಟ್ಟಿದ್ದ ಹಳೆಯ ಬೇರಿಂಗನ್ನು ಕತ್ತರಿಸಿ ನೋಡಿದರೆ ಪಟ್ಟಿ ವಾಲಿಕೊಂಡೇ ಇತ್ತು. ತಪ್ಪು ಬೇರಿಂಗ್‌ನದಲ್ಲ, ಎರಡು ಶಾಫ್ಟ್‌ಗಳು ಒಂದೇ ನೇರದಲ್ಲಿರಲಿಲ್ಲ.

ಇಲ್ಲಿ ಹೆಚ್ಚಿನವರು ಅವಸರದಲ್ಲಿ ನೇರವಾಗಿ ಕಪ್ಲಿಂಗ್‌ಗೆ ಕೂದಲೆಳೆಯಷ್ಟು ಚಲನೆಯನ್ನೂ ಅಳೆಯುವ ಡಯಲ್ ಗೇಜ್ ಹಚ್ಚುತ್ತಾರೆ, ಮತ್ತು ಅಲ್ಲೇ ದಿನವಿಡೀ ಹೆಣಗುತ್ತಾರೆ. ಮೊದಲು ನೋಡಬೇಕಾದದ್ದು ಮೋಟರಿನ ಕಾಲುಗಳನ್ನು. ನಾಲ್ಕು ಕಾಲಿನ ಸ್ಟೂಲು ಸಮನಾಗಿ ಕೂರದೆ ಅಲುಗುವ ಹಾಗೆ, ಮೋಟರಿನ ಒಂದು ಕಾಲು ಬೇಸ್ ಪ್ಲೇಟ್ ಮೇಲೆ ಪೂರ್ತಿ ಕೂರದಿದ್ದರೆ, ಬೋಲ್ಟ್ ಬಿಗಿದಾಗ ಮೋಟರಿನ ಮೈಯೇ ತಿರುಚಿಕೊಳ್ಳುತ್ತದೆ. ಇದನ್ನು ಸಾಫ್ಟ್ ಫುಟ್ ಎನ್ನುತ್ತಾರೆ. ನಾಲ್ಕೂ ಬೋಲ್ಟ್ ಬಿಗಿದು, ಒಂದು ಕಾಲಿನ ಮೇಲೆ ಡಯಲ್ ಇಟ್ಟು, ಆ ಬೋಲ್ಟೊಂದನ್ನೇ ಸಡಿಲಿಸಿದೆ. ಮುಳ್ಳು ಎಷ್ಟು ಏರಿತೆಂದು ಬರೆದುಕೊಂಡು, ಮತ್ತೆ ಬಿಗಿದು ಮುಂದಿನ ಕಾಲಿಗೆ ಹೋದೆ. ಮೂರು ಕಾಲುಗಳು 0.05 ಮಿ.ಮೀ. ಒಳಗಿದ್ದವು. ಹಿಂದಿನ ಎಡಗಾಲು ಮಾತ್ರ 0.20 ಎದ್ದಿತು. ಅದರ ಕೆಳಗೆ ತುಕ್ಕು ಹಿಡಿದ, ಪತ್ರೊಡೆಯ ಹಾಗೆ ಪದರಪದರವಾಗಿದ್ದ ಏಳು ತಗಡಿನ ತುಂಡುಗಳಿದ್ದವು. ಅಷ್ಟು ಪದರಗಳು ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತವೆ. ಅವನ್ನೆಲ್ಲ ತೆಗೆದು, ಬೇಸ್ ಉಜ್ಜಿ, ದಪ್ಪನೆಯ ಎರಡು ಸ್ಟೇನ್‌ಲೆಸ್ ತಗಡುಗಳನ್ನು, ಅಂದರೆ ಶಿಮ್‌ಗಳನ್ನು, ಹಾಕಿದ ಮೇಲೆ ಅದೂ 0.05ರ ಒಳಗೆ ಬಂತು.

ಆಮೇಲೆ ಶಾಫ್ಟ್‌ಗಳ ಸರದಿ. ಡಯಲ್‌ನ ಬ್ರಾಕೆಟ್ಟನ್ನು ಪಂಪಿನ ಶಾಫ್ಟ್‌ಗೆ ಕಟ್ಟಿ, ಡಯಲ್‌ನ ತುದಿಯನ್ನು ಮೋಟರಿನ ಕಪ್ಲಿಂಗ್‌ನ ಅಂಚಿಗೆ ತಾಗಿಸಿ, ಮೇಲ್ಗಡೆ ಸೊನ್ನೆ ಇಟ್ಟು, ಎರಡೂ ಶಾಫ್ಟ್‌ಗಳನ್ನು ಒಟ್ಟಿಗೆ ಅರ್ಧ ಸುತ್ತು ತಿರುಗಿಸಿದೆ. ಕೆಳಗಡೆ ಡಯಲ್ +0.64 ತೋರಿಸಿತು. ಹೊಸಬರು ತಪ್ಪುವುದು ಇಲ್ಲೇ: ಡಯಲ್ ತೋರಿಸುವುದು ನಿಜವಾದ ವ್ಯತ್ಯಾಸದ ಎರಡರಷ್ಟು. ಮೋಟರ್ ತಗ್ಗಿದ್ದದ್ದು 0.64 ಅಲ್ಲ, 0.32. ನಂತರ ಕಪ್ಲಿಂಗ್‌ನ ಎರಡು ಮುಖಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆದಾಗ ಮೇಲೆ 3.12, ಕೆಳಗೆ 3.00 ಮಿ.ಮೀ. ಇತ್ತು. ಮೇಲಿನ ಸಂದು ಹೆಚ್ಚಿದೆ ಎಂದರೆ ಮೋಟರಿನ ಹಿಂಭಾಗ ಇನ್ನಷ್ಟು ತಗ್ಗಿದೆ ಎಂದರ್ಥ.

ಅಳೆದ ಜಾಗದಲ್ಲಿ ಕಪ್ಲಿಂಗ್‌ನ ವ್ಯಾಸ 150 ಮಿ.ಮೀ. ಇತ್ತು, ಮುಂದಿನ ಕಾಲು ಕಪ್ಲಿಂಗ್‌ನಿಂದ 200 ಮಿ.ಮೀ., ಹಿಂದಿನ ಕಾಲು 410 ಮಿ.ಮೀ. ದೂರದಲ್ಲಿದ್ದವು. 0.12ನ್ನು 150ರಿಂದ ಭಾಗಿಸಿ ಆ ದೂರಗಳಿಂದ ಗುಣಿಸಿದರೆ ಮುಂದಕ್ಕೆ 0.16, ಹಿಂದಕ್ಕೆ 0.33 ಬರುತ್ತದೆ. ಅದಕ್ಕೆ 0.32 ಸೇರಿಸಿದರೆ ಮುಂದಿನ ಕಾಲುಗಳಿಗೆ 0.48, ಹಿಂದಿನವಕ್ಕೆ 0.65 ಶಿಮ್ ಬೇಕು. ನನ್ನಲ್ಲಿದ್ದ ಅಳತೆಗಳಲ್ಲಿ ಮುಂದೆ 0.50, ಹಿಂದೆ 0.65 ಕೂಡಿಸಿದೆ. ಪಕ್ಕದ ವ್ಯತ್ಯಾಸವನ್ನು ಜ್ಯಾಕ್ ಬೋಲ್ಟ್‌ಗಳಿಂದ ತಳ್ಳಿ ಸರಿಪಡಿಸಿದೆ. ಮತ್ತೆ ತಿರುಗಿಸಿದಾಗ ಕೆಳಗಡೆ −0.08 ಬಂತು, ಅಂದರೆ ಮೋಟರ್ ಈಗ 0.04 ಎತ್ತರ. ಆ ವೇಗಕ್ಕೆ ನಮಗೆ ಹೇಳಿಕೊಟ್ಟಿದ್ದ ಮಿತಿ 0.05. ಹೊಸ ಬೇರಿಂಗ್ ಮತ್ತು ಬುಷ್‌ಗಳೊಂದಿಗೆ ಸಂಜೆ ಪಂಪು ಶುರುವಾದಾಗ ಮಾಲೀಕರು ಮೋಟರಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು.

ಹತ್ತು ದಿನಗಳ ನಂತರ ಅವರೇ ಫೋನ್ ಮಾಡಿ ಮತ್ತೆ ಸದ್ದು ಬರುತ್ತಿದೆ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಡಯಲ್ ಇಟ್ಟರೆ 0.30 ತೋರಿಸಿತು, ಆದರೆ ಮೋಟರಿನ ಬೋಲ್ಟ್‌ಗಳು ನಾನು ಗುರುತು ಹಾಕಿದಲ್ಲೇ ಇದ್ದವು. ವಿಚಾರಿಸಿದಾಗ, ಸೋರಿಕೆ ನಿಲ್ಲಿಸಲು ಪ್ಲಂಬರ್ ಸಕ್ಷನ್ ಪೈಪಿನ ಫ್ಲ್ಯಾಂಜನ್ನು ಬಲವಾಗಿ ಎಳೆದು ಬಿಗಿದಿದ್ದು ಗೊತ್ತಾಯಿತು. ಡಯಲನ್ನು ಹಾಗೆಯೇ ಬಿಟ್ಟು ಫ್ಲ್ಯಾಂಜ್ ಸಡಿಲಿಸುತ್ತಿದ್ದಂತೆ ಮುಳ್ಳು ಹಳೆಯ ಜಾಗಕ್ಕೆ ಮರಳಿತು. ಪೈಪಿಗೆ ಸರಿಯಾದ ಆಧಾರ ಕೊಟ್ಟು, ಫ್ಲ್ಯಾಂಜ್‌ಗಳು ಎಳೆಯದೆಯೇ ಎದುರುಬದುರು ಕೂರುವಂತೆ ಮಾಡಿಸಿದೆ. ಪೈಪು ಪಂಪನ್ನು ಎಳೆಯುತ್ತಿದ್ದರೆ ಎಷ್ಟು ಶಿಮ್ ಹಾಕಿದರೂ ನಿಲ್ಲುವುದಿಲ್ಲ. ಅಂದಿನಿಂದ ಫ್ಲ್ಯಾಂಜ್ ಸಡಿಲಿಸಿ ನೋಡದೆ ನಾನು ಯಾವ ಪಂಪಿನ ಕೆಲಸವನ್ನೂ ಮುಗಿಸಿಲ್ಲ.

ಈಗ ಅಂಥ ಆರು ಸಣ್ಣ ಕಾರ್ಖಾನೆಗಳ ಮೇಂಟೆನೆನ್ಸ್ ನನ್ನದು. ಸೂಪರ್‌ವೈಸರ್ ಆಗಿದ್ದಾಗಿನ ಲಾಗ್ ಬುಕ್ ಅಭ್ಯಾಸ ಉಳಿದುಕೊಂಡಿದೆ, ಆದರೆ ‘ಬದಲಿಸಲಾಗಿದೆ’ ಎಂಬ ಕಾಲಂ ಪಕ್ಕದಲ್ಲಿ ‘ಕಾರಣ’ ಎಂಬ ಇನ್ನೊಂದು ಕಾಲಂ ಎಳೆದಿದ್ದೇನೆ. ಆ ಕೂಲಂಟ್ ಪಂಪಿನ ಬೇರಿಂಗನ್ನು ಎರಡು ವರ್ಷಗಳ ನಂತರ ವಾರ್ಷಿಕ ರಜೆಯಲ್ಲಿ ನಾವೇ ನಿಗದಿ ಮಾಡಿಕೊಂಡು ತೆಗೆದೆವು. ಹೊರರಿಂಗನ್ನು ಕತ್ತರಿಸಿದಾಗ ಪಟ್ಟಿ ಅಂಚಿಗೆ ಸಮಾನಾಂತರವಾಗಿ, ನೇರವಾಗಿತ್ತು.