ಫೋರ್ಕ್ ಮೇಲೆತ್ತಿದ್ದೇ ಹ್ಯಾಂಡಲ್ ನಡುಗೋಕೆ ಕಾರಣ

ಬೈಕ್ ಬೇಗ ತಿರುಗಲಿ ಅಂತ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪ್‌ಗಳನ್ನು ಕ್ಲಾಂಪ್‌ನಲ್ಲಿ 25 ಮಿ.ಮೀ. ಮೇಲೆತ್ತಿದ್ದೆ. ಘಾಟಿ ತಿರುವಿನಲ್ಲಿ ಹಗುರವಾಗಿ ವಾಲುತ್ತಿತ್ತು. ಆದರೆ ಹೈವೇಯಲ್ಲಿ 90 ದಾಟಿದರೆ, ರಸ್ತೆಯ ಸಣ್ಣ ಏಣು ಸಿಕ್ಕರೂ ಹ್ಯಾಂಡಲ್ ಗಡಗಡ ಅಲುಗುತ್ತಿತ್ತು. ಟೈರ್ ಗಾಳಿ, ಸ್ಟೀರಿಂಗ್ ಬೇರಿಂಗ್ ಎರಡೂ ಸರಿ ಇದ್ದವು.

ಆಮೇಲೆ ಲೆಕ್ಕ ಹಾಕಿದೆ. ಪೈಪ್ ಮೇಲೆತ್ತಿದಾಗ ಬೈಕ್‌ನ ಮೂತಿ ತಗ್ಗಿದ್ದರಿಂದ ಫೋರ್ಕ್‌ನ ವಾಲಿಕೆ, ಅಂದರೆ ರೇಕ್, ಸುಮಾರು 1 ಡಿಗ್ರಿ ಕಮ್ಮಿಯಾಗಿತ್ತು. ಸ್ಟೀರಿಂಗ್ ಅಕ್ಷದ ಗೆರೆ ನೆಲಕ್ಕೆ ತಾಗುವ ಜಾಗಕ್ಕಿಂತ ಟೈರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆಯೋ ಅದೇ ಟ್ರೇಲ್. ಚಕ್ರವನ್ನು ತಾನಾಗಿ ನೇರಕ್ಕೆ ಎಳೆಯೋದು ಅದೇ ಅಲ್ವಾ? ಅದು 6 ಮಿ.ಮೀ. ಕುಗ್ಗಿತ್ತು. ಎರಡು ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್ ಕೂಡ 1 ಸೆಂ.ಮೀ. ಗಿಡ್ಡವಾಗಿತ್ತು.

ಪೈಪ್‌ಗಳನ್ನು 8 ಮಿ.ಮೀ.ಗೆ ಇಳಿಸಿ, ಎರಡೂ ಕಡೆ ಸಮ ಅಳೆದು ಬಿಗಿದೆ. ನಡುಕ ನಿಂತಿತು. ತಿರುವಿಗೆ ಈಗ ಹ್ಯಾಂಡಲ್ ಸ್ವಲ್ಪ ಜಾಸ್ತಿ ಒತ್ತಬೇಕು, ಅಷ್ಟೇ.