ನೋವಿಗೊಂದು ಅಂಕಿ, ಭಯಕ್ಕೊಂದು ಅಂಕಿ

ಮೈಗ್ರೇನ್ ಇರುವವರನ್ನು ತಲೆ ನೋಯುವ ದಿನಗಳಷ್ಟೇ ನೋಯದ ದಿನಗಳೂ ದಣಿಸುತ್ತವೆ. ಇವತ್ತು ಬಂದಿಲ್ಲ, ಹಾಗಾದರೆ ನಾಳೆ ಬಂದೀತು. ನಾಳೆ ಆಡಿಟ್‌ನವರು ಬರುತ್ತಾರೆ, ನಾಡಿದ್ದು ಮಗಳ ಶಾಲೆಯ ಸಭೆ. ಈ ಲೆಕ್ಕ ತಲೆಯೊಳಗೆ ಬಿಡುವಿಲ್ಲದೆ ಓಡುತ್ತಿರುತ್ತದೆ. ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಅಡಿಕೆ ಸೀಸನ್ನಿನಲ್ಲಿ ನೋಟು ಎಣಿಸುವ ಯಂತ್ರದ ಸದ್ದು, ಟ್ಯೂಬ್‌ಲೈಟು, ಎದುರಿಗೆ ಸಾಲುಗಟ್ಟಿದ ಜನ. ಅಲ್ಲಿಂದ ಅರ್ಧಕ್ಕೇ ಎದ್ದು ಹೋಗುವಂತಿಲ್ಲ. ಕಾಲೇಜಿನ ದಿನಗಳಿಂದಲೂ ಇದ್ದ ಮೈಗ್ರೇನ್ ಮೊದಲೆಲ್ಲ ತಿಂಗಳಿಗೆ ಎರಡು ಮೂರು ಸಲ ಬಂದು ಹೋಗುತ್ತಿತ್ತು. ನಲವತ್ತು ಹತ್ತಿರವಾಗುವಾಗ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತಲೆ ಯಾವುದಾದರೂ ಒಂದು ರೀತಿಯಲ್ಲಿ ನೋಯುತ್ತಿತ್ತು.

ಆಗ ನನ್ನ ಪರ್ಸಿನಲ್ಲಿ ಯಾವಾಗಲೂ ಇರುತ್ತಿದ್ದದ್ದು ಎರ್ಗೊಟಮೈನ್, ಕೆಫೀನ್, ಪ್ಯಾರಾಸಿಟಮಾಲ್ ಎಲ್ಲ ಸೇರಿದ ಮಾತ್ರೆ. ಇದು ನಮ್ಮ ಕಡೆ ಸಲೀಸಾಗಿ ಸಿಗುತ್ತದೆ. ಮೆಡಿಕಲ್ ಶಾಪಿನ ಹುಡುಗ ನನ್ನನ್ನು ಕಂಡ ಕೂಡಲೇ "ಅಕ್ಕಾ, ಅದೇ ಸ್ಟ್ರಿಪ್ ಅಲ್ವಾ?" ಎಂದು ತೆಗೆದಿಡುತ್ತಿದ್ದ. ಕೆಲಸವನ್ನಂತೂ ಚೆನ್ನಾಗಿಯೇ ಮಾಡುತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಹುಬ್ಬಳ್ಳಿಯಲ್ಲಿ ನರರೋಗ ತಜ್ಞರನ್ನು ಕಂಡಾಗ ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಗೋತೀರಿ ಮೇಡಂ? ಎಷ್ಟು ಮಾತ್ರೆ ಅಂತ ಅಲ್ಲ, ಎಷ್ಟು ದಿನ?" ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ತಿಂಗಳು ಬರೆದುಕೊಂಡು ಬರಲು ಹೇಳಿ ಕಳಿಸಿದರು. ಅವರು ಹೇಳಿದ್ದು ಮೂರು ಕಾಲಂ: ದಿನಾಂಕ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಮಾತ್ರೆ ಏನು. ನಾನು ನಾಲ್ಕನೆಯದೊಂದನ್ನು ಸೇರಿಸಿದೆ. ಮಾತ್ರೆ ನುಂಗುವ ಹೊತ್ತಿನಲ್ಲಿ ಭಯ ಎಷ್ಟಿತ್ತು, ಅದಕ್ಕೂ ಹತ್ತರೊಳಗೆ ಒಂದು ಅಂಕಿ. ದಿನವಿಡೀ ಅಂಕಿ ಬರೆಯುವ ಕೆಲಸ ನನ್ನದು, ಹಾಗಾಗಿ ಇದು ಸುಲಭವಾಗಿಯೇ ಬಂತು.

ಆ ಹಾಳೆಯಲ್ಲಿ ಕಂಡದ್ದು ಇದು. ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ಬಹಳಷ್ಟು ಕಡೆ ನೋವು ಎರಡು ಅಥವಾ ಮೂರು, ಭಯ ಏಳು ಅಥವಾ ಎಂಟು. ಆಡಿಟ್‌ನ ಹಿಂದಿನ ದಿನ ನೋವು ಒಂದು, ಭಯ ಒಂಬತ್ತು. ಕುತ್ತಿಗೆ ಸ್ವಲ್ಪ ಹಿಡಿದಂತಾಗಿತ್ತು, ಅಷ್ಟೇ. ಅಂದರೆ ನಾನು ತಲೆನೋವಿನ ಮಾತ್ರೆಯನ್ನು ಭಯಕ್ಕೆ ನುಂಗುತ್ತಿದ್ದೆ. ಮಾತ್ರೆ ಹೊಟ್ಟೆಗೆ ಹೋದ ಐದೇ ನಿಮಿಷಕ್ಕೆ ಎದೆ ಹಗುರಾಗುತ್ತಿತ್ತು. ಅಷ್ಟು ಬೇಗ ಆ ಮಾತ್ರೆ ಕರಗಿಯೂ ಇರುವುದಿಲ್ಲ.

ಡಾಕ್ಟರು ಹಾಳೆ ನೋಡಿ ಸುತ್ತು ಹೇಗೆ ನಡೆಯುತ್ತದೆಂದು ವಿವರಿಸಿದರು. ಎರ್ಗೊಟಮೈನ್, ಟ್ರಿಪ್ಟಾನ್ ಅಥವಾ ಒಂದಕ್ಕಿಂತ ಹೆಚ್ಚು ಔಷಧಿ ಬೆರೆಸಿದ ನೋವಿನ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವು ತರಲು ಶುರುಮಾಡಬಹುದು. ಬರೀ ಪ್ಯಾರಾಸಿಟಮಾಲ್ ಆದರೆ ಈ ಗಡಿ 15 ದಿನ. ಮೈಗ್ರೇನ್ ಇರುವವರಿಗೇ ಇದು ಹೆಚ್ಚಾಗಿ ಆಗುವುದು. ನೋವು ಹೆಚ್ಚಾದಂತೆ ಭಯ ಹೆಚ್ಚುತ್ತದೆ. ಹೆದರಿದವರು ಗಳಿಗೆಗೊಮ್ಮೆ ಹಣೆ, ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾರೆ, ಹುಡುಕಿದವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮೈಗ್ರೇನ್ ಬರುತ್ತದೆ. ಹೀಗೆ ಭಯ ತಾನು ಹೇಳಿದ್ದನ್ನು ತಾನೇ ನಿಜ ಮಾಡಿ ತೋರಿಸುತ್ತದೆ.

ಮೊದಲು ಕತ್ತರಿಸಬೇಕಾದದ್ದು ಮಾತ್ರೆಯ ಎಳೆ. ಆ ಮಿಶ್ರಣದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದೆ, ಡಾಕ್ಟರ ಸಲಹೆಯಂತೆ. ಅಫೀಮಿನ ಜಾತಿಯ ನೋವಿನ ಮಾತ್ರೆ ಅಥವಾ ನಿದ್ದೆ ಮಾತ್ರೆ ಜತೆಗಿದ್ದವರು ಹೀಗೆ ತಟ್ಟನೆ ನಿಲ್ಲಿಸಬಾರದು. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ತಲೆನೋವು ಇನ್ನೂ ಜೋರಾಗುತ್ತದೆ, ವಾಂತಿ, ನಿದ್ರಾಹೀನತೆ, ಚಡಪಡಿಕೆ ಎಲ್ಲ ಬರಬಹುದು ಎಂದು ಮೊದಲೇ ಹೇಳಿದ್ದರು. ಬಂದವು. ಆದರೆ ಮೊದಲೇ ಹೇಳಿದ್ದರಿಂದ ಒಂದು ಅನುಕೂಲವಾಯಿತು: ನೋವು ಎಂಟಿದ್ದ ದಿನವೂ ಭಯ ನಾಲ್ಕಕ್ಕಿಂತ ಮೇಲೇರಲಿಲ್ಲ. ಎರಡೂ ಬೇರೆ ಬೇರೆ ಎಂದು ನನಗೆ ಮನದಟ್ಟಾದದ್ದು ಆ ವಾರ. ಸೀಸನ್ ಮುಗಿದ ಮೇಲೆ ರಜೆ ಹಾಕಿ ಇದನ್ನು ಮಾಡಿದ್ದು ಒಳ್ಳೆಯದಾಯಿತು. ಕೌಂಟರಿನಲ್ಲಿ ಕೂತು ಮಾಡುವ ಕೆಲಸ ಅದಲ್ಲ.

ಜೊತೆಗೆ ಪ್ರೊಪ್ರನೊಲಾಲ್ ಶುರುವಾಯಿತು, ಕಡಿಮೆ ಡೋಸಿನಿಂದ. ಇದು ಮೈಗ್ರೇನ್ ಬರದಂತೆ ತಡೆಯಲು ದಿನಾ ತೆಗೆದುಕೊಳ್ಳುವ ಮಾತ್ರೆ. ಎದೆ ಡವಗುಟ್ಟುವುದು, ಕೈ ನಡುಗುವುದನ್ನೂ ಇಳಿಸುತ್ತದೆ. ಚಿಂತೆಯನ್ನು ಇಳಿಸುವುದಿಲ್ಲ, ಆದರೆ ಎದೆ ಹೊಡೆದುಕೊಳ್ಳದಿದ್ದರೆ ಚಿಂತೆಗೆ ಸಾಕ್ಷಿ ಸಿಗುವುದಿಲ್ಲ. ಅಸ್ತಮಾ ಇದ್ದವರಿಗೆ ಇದು ಆಗದು. ಗುಣ ಗೊತ್ತಾಗಲು ಎರಡು ಮೂರು ತಿಂಗಳು ಕಾಯಬೇಕು, ಅಷ್ಟರೊಳಗೇ ಬೇಸತ್ತು ಬಿಟ್ಟವರನ್ನು ನಾನು ಬಲ್ಲೆ.

ನಿಜವಾದ ತಲೆನೋವು ಬಂದಾಗ ಸುಮಟ್ರಿಪ್ಟಾನ್ 50 ಮಿಲಿಗ್ರಾಂ, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಿಲ್ಲ. ಇಲ್ಲೊಂದು ಇಕ್ಕಟ್ಟಿದೆ. ಈ ಮಾತ್ರೆ ನೋವು ಸಣ್ಣದಿರುವಾಗಲೇ ತೆಗೆದುಕೊಂಡರೆ ಚೆನ್ನಾಗಿ ನಾಟುತ್ತದೆ. ಸಣ್ಣ ನೋವಿಗೆಲ್ಲ ತೆಗೆದುಕೊಂಡರೆ ದಿನಗಳ ಲೆಕ್ಕ ಮೀರುತ್ತದೆ. ಬೇಗ ತಗೋ ಎನ್ನುವ ಮಾತನ್ನೂ ಕಡಿಮೆ ತಗೋ ಎನ್ನುವ ಮಾತನ್ನೂ ಒಟ್ಟಿಗೆ ಪಾಲಿಸುವುದು ಹೇಗೆ? ಡಾಕ್ಟರ ಜೊತೆ ಕೂತು ಮೂರು ಪ್ರಶ್ನೆ ಮಾಡಿಕೊಂಡೆ. ಬಗ್ಗಿದರೆ ಅಥವಾ ಮೆಟ್ಟಿಲು ಹತ್ತಿದರೆ ನೋವು ಹೆಚ್ಚುತ್ತದೆಯೇ? ಬೆಳಕು ಕಣ್ಣಿಗೆ ಚುಚ್ಚುತ್ತಿದೆಯೇ? ಹೊಟ್ಟೆ ತೊಳಸುತ್ತಿದೆಯೇ? ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಆ ಕ್ಷಣವೇ ಪೂರ್ತಿ ಡೋಸ್, ಹಿಂದೆಮುಂದೆ ನೋಡುವಂತಿಲ್ಲ. ಇಲ್ಲವಾದರೆ ಇಪ್ಪತ್ತು ನಿಮಿಷ ತಡೆದು ಮತ್ತೆ ಅವೇ ಪ್ರಶ್ನೆ. ನಮ್ಮ ಆಫೀಸಿನ ರೆಕಾರ್ಡ್ ರೂಮು ಮಾಳಿಗೆಯಲ್ಲಿದೆ. ಒಂದು ಸಲ ಮೆಟ್ಟಿಲು ಹತ್ತಿ ಇಳಿದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಹಳೆಯ, ಪರಿಚಯವಿರುವ ತಲೆನೋವಿಗೆ ಮಾತ್ರ ಈ ಪರೀಕ್ಷೆ. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ಏರುವ ನೋವು, ಒಂದು ಕೈಯಲ್ಲಿ ಬಲ ಇಲ್ಲದಿರುವುದು, ಮಾತು ತೊದಲುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು ಇದ್ದರೆ ಪ್ರಶ್ನೆ ಕೇಳುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಕಾಯುವ ಆ ಇಪ್ಪತ್ತು ನಿಮಿಷವೇ ಕಷ್ಟದ್ದು. ಡಾಕ್ಟರು ಒಬ್ಬ ಮನಃಶಾಸ್ತ್ರಜ್ಞೆಯ ಬಳಿಗೂ ಕಳಿಸಿದ್ದರು. ("ನೋಯೋದು ತಲೆ, ಮನಸ್ಸಿನ ಡಾಕ್ಟರು ಯಾಕೆ?" ಎಂದು ಅತ್ತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.) ಅವರು ಹೇಳಿಕೊಟ್ಟ ಉಸಿರಾಟ ತೀರ ಸರಳ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಿಮಿಷಕ್ಕೆ ಸುಮಾರು ಆರು ಉಸಿರು. ಅದಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಅದರ ಹಿಂದಿನ ಕಾರಣ. ಹೆದರಿದಾಗ ನಾವು ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತೇವೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗಿ ಬೆರಳು ಜುಮುಜುಮು ಎನ್ನುತ್ತವೆ. ನಾನು ಅದನ್ನೇ ಮೈಗ್ರೇನಿನ ಮುನ್ಸೂಚನೆ ಎಂದುಕೊಳ್ಳುತ್ತಿದ್ದೆ. ಮೈಗ್ರೇನಿನ ನಿಜವಾದ ಮುನ್ಸೂಚನೆ, ಡಾಕ್ಟರುಗಳು ಆರಾ ಎನ್ನುವುದು, ಬೇರೆ ಥರ. ಅದು ಐದು ನಿಮಿಷವಾದರೂ ತೆಗೆದುಕೊಂಡು ನಿಧಾನಕ್ಕೆ ಹರಡುತ್ತದೆ, ಒಂದು ಗಂಟೆಯೊಳಗೆ ಹೋಗುತ್ತದೆ, ಹೆಚ್ಚಾಗಿ ಕಣ್ಣಿನ ಮುಂದೆ ಅಂಕುಡೊಂಕು ಗೆರೆ ಕಾಣುತ್ತದೆ, ಜುಮುಗುಟ್ಟಿದರೂ ಒಂದು ಪಕ್ಕಕ್ಕೆ. ಭಯದ ಜುಮು ಎರಡೂ ಕೈಗೆ, ತುಟಿಯ ಸುತ್ತ. ಈ ವ್ಯತ್ಯಾಸ ಗೊತ್ತಾದ ಮೇಲೆ ಆ ಗಳಿಗೆಯ ಅರ್ಧ ಗಾಬರಿ ಇಳಿಯಿತು.

ಇನ್ನುಳಿದದ್ದು ನಾನು ಬಿಟ್ಟುಬಿಟ್ಟಿದ್ದ ಸಂಗತಿಗಳು. ಮನೆಯೊಳಗೂ ತಂಪು ಕನ್ನಡಕ, ಮಧ್ಯಾಹ್ನ ಕಿಟಕಿ ಮುಚ್ಚಿದ ಕೋಣೆ. ಓಲಗ ಇರುವ ಮದುವೆ ಬೇಡ, ಸಂಪಿಗೆ ಬೇಡ, ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವುದು ಬೇಡ. 2022ರ ಮಾರಿಕಾಂಬಾ ಜಾತ್ರೆಯನ್ನು ಊರಲ್ಲೇ ಇದ್ದು ಕದ ಹಾಕಿಕೊಂಡು ಕಳೆದೆ. ಸದಾ ಕತ್ತಲಲ್ಲಿದ್ದರೆ ಕಣ್ಣು ಬೆಳಕನ್ನು ಇನ್ನಷ್ಟು ತಾಳದಾಗುತ್ತದೆ ಎಂದು ಮನಃಶಾಸ್ತ್ರಜ್ಞೆ ಹೇಳಿದರು. ಹಾಗೆಂದು ಎಲ್ಲವನ್ನೂ ಎದುರಿಸು ಎನ್ನಲಿಲ್ಲ. ಎರಡು ಪಟ್ಟಿ ಮಾಡಿದೆವು. ಊಟ ತಪ್ಪಿಸುವುದು, ನಿದ್ದೆಗೆಡುವುದು ನಿಜವಾಗಿಯೂ ತಲೆನೋವು ತರುವಂಥವು. ಅವನ್ನು ರೂಢಿಸಿಕೊಳ್ಳುವ ಮಾತೇ ಇಲ್ಲ. ಏಕಾದಶಿ ಉಪವಾಸವನ್ನು ಬಿಟ್ಟೇಬಿಟ್ಟೆ. ಬೆಳಕು, ಸದ್ದು, ಜನ ಇನ್ನೊಂದು ಪಟ್ಟಿಗೆ ಹೋದವು. ತಲೆನೋವು ಬರುವ ಮೊದಲಿನ ಗಂಟೆಗಳಲ್ಲಿ ಹೇಗೂ ಬೆಳಕು, ಸದ್ದು ತಡೆಯಲಾಗುವುದಿಲ್ಲ, ಮತ್ತೆ ಮತ್ತೆ ಆಕಳಿಕೆ ಬರುತ್ತದೆ. ಹಾಗಾಗಿ ಬೆಳಕಿನಿಂದಲೇ ನೋವು ಬಂತು ಎಂದು ನಂಬುವುದು ಸುಲಭ. ಎಷ್ಟೋ ಸಲ ನೋವು ಆಗಲೇ ಹೊರಟಿರುತ್ತದೆ.

2024ರ ಜಾತ್ರೆಗೆ ತಯಾರಿ ಕೆಲವು ವಾರ ಮೊದಲೇ ಶುರುವಾಯಿತು. ಮನೆಯೊಳಗಿನ ಕನ್ನಡಕ ತೆಗೆದಿಟ್ಟೆ. ಆಮೇಲೆ ಸಂಜೆ ಹತ್ತು ನಿಮಿಷ ಪೇಟೆಯ ದೀಪದಲ್ಲಿ ನಡಿಗೆ, ಬಳಿಕ ಸಂತೆಯ ದಿನ ಅರ್ಧ ಗಂಟೆ. ಪ್ರತಿ ಸಲವೂ ಹೋಗುವ ಮೊದಲು ಭಯದ ಅಂಕಿ, ಬಂದ ಮೇಲೆ ಎರಡೂ ಅಂಕಿ. ಭಯ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು, ಹೆದರಿ ಓಡಿಬರಬಾರದು ಎಂಬುದೊಂದೇ ಕಟ್ಟಳೆ. ನಿಜವಾಗಿ ಮೈಗ್ರೇನ್ ಬಂದರೆ ಮನೆಗೆ ಬಂದು ಮಾತ್ರೆ ತೆಗೆದುಕೊಳ್ಳುವುದು, ಅದು ಸೋಲಲ್ಲ. ಜಾತ್ರೆಯ ದಿನ ಹೊಟ್ಟೆ ತುಂಬ ಊಟ ಮಾಡಿ, ಜನ ಕಡಿಮೆ ಇರುವ ಹೊತ್ತು ನೋಡಿ ಹೋದೆವು. ಗದ್ದುಗೆಯ ಎದುರು ಸಾಲಿನಲ್ಲಿ ನಿಂತಾಗ ಭಯ ಎಂಟಾಗಿತ್ತು, ಎರಡೂ ಕೈ ಜುಮು. ಸಾಲು ಮುಂದೆ ಸರಿಯುವಷ್ಟರಲ್ಲಿ ಮೂರಕ್ಕೆ ಬಂತು. ಮರುದಿನ ಬೆಳಿಗ್ಗೆ ತಲೆನೋವು ಬಂತು, ಆರರಷ್ಟು. ಮೂರೂ ಪ್ರಶ್ನೆಗೆ ಹೌದು. ಒಂದು ಮಾತ್ರೆ, ಎರಡು ಗಂಟೆಯಲ್ಲಿ ಹೋಯಿತು. "ನೋಡು, ಜಾತ್ರೆಗೆ ಹೋಗಿದ್ದಕ್ಕೇ" ಎಂದರು ಯಜಮಾನರು. ಇರಬಹುದು. ಆದರೆ ಅದೇ ತಿಂಗಳು ಮನೆಯಲ್ಲೇ ಇದ್ದ ದಿನಗಳಲ್ಲೂ ಬಂದಿತ್ತು, ಹಾಳೆಯಲ್ಲಿದೆ.

ಈಗ ಮಾತ್ರೆಯ ದಿನಗಳು ತಿಂಗಳಿಗೆ ಐದಾರಕ್ಕೆ ನಿಂತಿವೆ. ಭಯದ ಕಾಲಂ ಬಹುತೇಕ ಖಾಲಿ ಬಿಡುತ್ತೇನೆ. ಮುಟ್ಟಿನ ಎರಡು ದಿನ ಮೊದಲಿನಿಂದ ಮೂರನೆಯ ದಿನದವರೆಗಿನ ತಲೆನೋವಿಗೆ ಮಾತ್ರ ಇದ್ಯಾವುದೂ ತಾಗಿಲ್ಲ. ಅದು ಭಯವಿದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಆ ದಿನಗಳಿಗೆಂದೇ ಡಾಕ್ಟರು ನ್ಯಾಪ್ರಾಕ್ಸೆನ್ ಬರೆದುಕೊಟ್ಟಿದ್ದಾರೆ, ಊಟವಾದ ಮೇಲೆ. ಅದು ಕೆಲವು ತಿಂಗಳು ಕೆಲಸ ಮಾಡುತ್ತದೆ, ಕೆಲವು ತಿಂಗಳು ಇಲ್ಲ.